‘ಸೂಕ್ಷ್ಮ ವಿಷಯ ಮರೆಮಾಡಿ’ ಅಂದರೆ ಮುಚ್ಚುವುದು ಯಾವುದನ್ನು?

ಸಕಲೇಶಪುರದಿಂದ, ಕೇಳಿದವರು

ಎಲ್ಲರಿಗೂ ನಮಸ್ಕಾರ. ನನಗೆ ಒಂದು ಪದ ಬೇಕಾಗಿದೆ. ನಮ್ಮೂರಿನ ಸಂಘದ ಹೆಂಗಸರಿಗೆ ಭಾನುವಾರ ಮಧ್ಯಾಹ್ನ ಫೋನ್ ಬಳಸುವುದನ್ನು ಹೇಳಿಕೊಡುತ್ತೇನೆ, ಅದಕ್ಕಾಗಿ ಒಂದು ಹಾಳೆ ಬರೆಯುತ್ತಿದ್ದೇನೆ. ಲಾಕ್ ಸ್ಕ್ರೀನ್ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ.

ಅಲ್ಲಿ ಮೂರು ಆಯ್ಕೆ ಇರುತ್ತವೆ. ಬಂದ ಮೆಸೇಜನ್ನು ಪೂರ್ತಿ ತೋರಿಸುವುದು ಒಂದು. ಏನನ್ನೂ ತೋರಿಸದೆ ಇರುವುದು ಇನ್ನೊಂದು. ನನಗೆ ಬೇಕಾಗಿರುವುದು ನಡುವಿನದು: ಮೆಸೇಜ್ ಬಂದಿದೆ ಅಂತ ಗೊತ್ತಾಗಬೇಕು, ಒಳಗೆ ಏನಿದೆ ಅಂತ ಬೀಗ ತೆಗೆದ ಮೇಲಷ್ಟೇ ಕಾಣಬೇಕು. ಇದು ಇಲ್ಲದಿದ್ದರೆ ಬ್ಯಾಂಕಿನ ಒಟಿಪಿ ಬಂದಾಗ ಮೇಜಿನ ಮೇಲಿರುವ ಫೋನನ್ನು ಯಾರೂ ಮುಟ್ಟದೆಯೇ ಓದಿಬಿಡಬಹುದು.

ನನ್ನ ಅತ್ತಿಗೆಯ ಫೋನಿನಲ್ಲಿ ಈ ನಡುವಿನ ಆಯ್ಕೆಯಲ್ಲಿ ‘ಸೂಕ್ಷ್ಮ ವಿಷಯ’ ಅಂತಿದೆ, ಕೊನೆಯದರಲ್ಲಿ ‘ಅಧಿಸೂಚನೆ ತೋರಿಸಬೇಡಿ’ ಅನ್ನುವ ಅರ್ಥದ ಮಾತಿದೆ. ಅವರು ‘ಸೂಕ್ಷ್ಮ’ ಅಂದರೆ ಸಣ್ಣ ಅಕ್ಷರ ಅಂದುಕೊಂಡರು. ಅಧಿಸೂಚನೆ ಅಂದರೆ ಸರ್ಕಾರ ಹೊರಡಿಸುವುದು, ನನಗ್ಯಾಕೆ ಅದು ಅಂತ ಕೊನೆಯದನ್ನೇ ಒತ್ತಿದರು. ಆಮೇಲೆ ಫೋನ್ ಟಿಣ್ ಅನ್ನುತ್ತಿತ್ತು, ನೋಡಿದರೆ ಏನೂ ಇಲ್ಲ, ವಾಪಸ್ ಇಡುತ್ತಿದ್ದರು. ಕರೆ ಬಂದರೆ ಎತ್ತುವುದಕ್ಕೆ ಬೀಗ ತೆಗೆಯಬೇಕಾಗಿಲ್ಲವಲ್ಲ, ಹಾಗಾಗಿ ಬೀಗ ತೆಗೆಯುವುದೇ ಅಪರೂಪ. ಕಾಫಿ ಮೂಟೆಗಳ ತೂಕದ ಮೆಸೇಜ್ ಎರಡು ದಿನ ಒಳಗೇ ಕೂತಿತ್ತು. ಇದು ಅತ್ತಿಗೆಯ ತಪ್ಪಲ್ಲ, ಪದದ ತಪ್ಪು ಅಂತಲೇ ನನಗೆ ಅನ್ನಿಸುತ್ತದೆ. ಏನು ಬರೆಯಲಿ?

ಮೂಡಿಗೆರೆಯಿಂದ

ಮೇಡಂ, ‘ಸದ್ದಡಗಿಸು’ ಅಂತ ಬರೆಯಿರಿ. ನಮ್ಮ ಬೆಳೆಗಾರರ ವಾಟ್ಸಾಪ್ ಗುಂಪಿನಲ್ಲಿ ಬೆಳಗ್ಗೆ ಐದಕ್ಕೇ ಶುಭೋದಯ ಶುರು, ಮಳೆ ಬಂದ ದಿನ ಪ್ರತಿಯೊಬ್ಬರೂ ತಮ್ಮ ತೋಟದ ಇಂಚು ಲೆಕ್ಕ ಹಾಕುತ್ತಾರೆ. ನಾನು ಸದ್ದಡಗಿಸಿ ಒಂದು ವರ್ಷವಾಯಿತು, ನೆಮ್ಮದಿಯಾಗಿದ್ದೇನೆ.

ಸಕಲೇಶಪುರದಿಂದ

ಸರ್, ಸದ್ದಡಗಿಸು ಚೆನ್ನಾಗಿದೆ, ಅದನ್ನು ಬೇರೆ ಕಡೆ ಬಳಸಿಕೊಳ್ಳುತ್ತೇನೆ. ಆದರೆ ಇಲ್ಲಿ ಸದ್ದು ಬರಲೇಬೇಕು. ಕಾಣಬಾರದು ಅಂತಿರುವುದು ಬರಹ ಮಾತ್ರ.

ಹಾಸನದಿಂದ

‘ಗೌಪ್ಯ ಸಂದೇಶ’ ಅಂದರೆ ಸಾಕಲ್ವಾ? ನಿಜ ಹೇಳಬೇಕೆಂದರೆ ಇದರ ಅಗತ್ಯವೇ ಇಲ್ಲ. ವಾಟ್ಸಾಪ್ ಮೆಸೇಜುಗಳು ಹೇಗೂ ಗೂಢಲಿಪಿಯಲ್ಲಿ ಬರುತ್ತವೆ, ಕಂಪನಿಯವರೂ ಓದಲಾಗುವುದಿಲ್ಲ. ಉಳಿದ ಆಪ್‌ಗಳ ಮಟ್ಟಿಗೆ ಫೋನಿನ ಸೆಟ್ಟಿಂಗ್ ಒಂದು ಸಲ ಬದಲಾಯಿಸಿದರೆ ಎಲ್ಲವೂ ಮುಚ್ಚಿಕೊಳ್ಳುತ್ತವೆ.

ಚಿಕ್ಕಮಗಳೂರಿನಿಂದ

ಹಾಸನದ ಗೆಳೆಯರು ಹೇಳಿದ್ದರಲ್ಲಿ ಅರ್ಧ ಸರಿ. ಗೂಢಲಿಪಿ ಇರುವುದು ದಾರಿಯಲ್ಲಿ. ಮೆಸೇಜ್ ನಿಮ್ಮ ಫೋನಿಗೆ ಬಂದು ಬಿಚ್ಚಿಕೊಂಡ ಮೇಲೇ ಪರದೆಯ ಮೇಲೆ ಕಾಣುವುದು. ಬಸ್ಸಿನಲ್ಲಿ ಪಕ್ಕ ಕೂತವರಿಗೆ ಅದು ಎಲ್ಲಿಂದ ಹೇಗೆ ಬಂತು ಅನ್ನುವುದು ಬೇಕಾಗಿಲ್ಲ.

ನಾನು ಆಪ್ ಬರೆಯುವ ಕೆಲಸದಲ್ಲಿರುವುದರಿಂದ ಎರಡನೆಯ ಮಾತನ್ನೂ ಸ್ವಲ್ಪ ಬಿಡಿಸಿ ಹೇಳುತ್ತೇನೆ. 2014ರಲ್ಲಿ ಬಂದ ಆಂಡ್ರಾಯ್ಡ್ 5.0ರಿಂದ ಈಚೆಗೆ ಪ್ರತಿ ನೋಟಿಫಿಕೇಶನ್ ಮೇಲೂ ಆಪ್ ಬರೆದವರು ಒಂದು ಗುರುತು ಹಾಕಬಹುದು: `VISIBILITY_PUBLIC`, `VISIBILITY_PRIVATE`, `VISIBILITY_SECRET`. ಏನೂ ಹಾಕದಿದ್ದರೆ ನಡುವಿನದು ಅಂತ ಲೆಕ್ಕ. ನೀವು ಸೆಟ್ಟಿಂಗ್‌ನಲ್ಲಿ ಮರೆಮಾಡಿ ಅಂದಾಗ ಫೋನ್ ಮುಚ್ಚುವುದು ಈ ನಡುವಿನ ಗುರುತಿನವನ್ನು. ಆಪ್‌ನವರೇ `VISIBILITY_PUBLIC` ಅಂತ ಹಾಕಿದ್ದರೆ ನೀವು ಈ ನಡುವಿನ ಆಯ್ಕೆ ಇಟ್ಟಿದ್ದರೂ ಅದು ಪೂರ್ತಿ ಕಾಣಬಹುದು. ಅಂದರೆ ಯಾವುದು ‘ಸೂಕ್ಷ್ಮ’ ಅಂತ ತೀರ್ಮಾನ ಮಾಡಿರುವುದು ಮೆಸೇಜ್ ಓದುವವರಲ್ಲ, ಆಪ್ ಬರೆದವರು. ನಿಮ್ಮ ಹಾಳೆಯಲ್ಲಿ ಇದು ಇರಲೇಬೇಕು ಮೇಡಂ.

ಇನ್ನೊಂದು. ಪಿನ್, ಪ್ಯಾಟರ್ನ್ ಅಥವಾ ಪಾಸ್‌ವರ್ಡ್ ಇಡದೆ ಸುಮ್ನೆ ಬೆರಳು ಎಳೆದು ತೆರೆಯುವ ಫೋನಿನಲ್ಲಿ ಈ ನಡುವಿನ ಆಯ್ಕೆಗೆ ಅರ್ಥವೇ ಇಲ್ಲ. ಬೀಗವೇ ಇಲ್ಲದ ಮೇಲೆ ಬೀಗ ತೆಗೆದ ಮೇಲೆ ತೋರಿಸು ಅನ್ನುವುದು ಹೇಗೆ? ನಿಮ್ಮ ಹೆಂಗಸರಲ್ಲಿ ಯಾರಾದರೂ ‘ನನ್ನ ಫೋನಿನಲ್ಲಿ ಅದು ಕಾಣುತ್ತಲೇ ಇಲ್ಲ’ ಅಂದರೆ ಮೊದಲು ಇದನ್ನು ನೋಡಿ.

ಬೇಲೂರಿನಿಂದ, ನಿವೃತ್ತ ಕನ್ನಡ ಮೇಷ್ಟ್ರು

ಪದದ ಕಡೆ ಬರೋಣ. ‘ಸೂಕ್ಷ್ಮ’ ಈ ಅರ್ಥದಲ್ಲಿ ಕನ್ನಡಕ್ಕೆ ಹೊಸದೇನಲ್ಲ. ಸೂಕ್ಷ್ಮ ಮತಗಟ್ಟೆ ಅನ್ನುತ್ತೇವೆ, ಅಲ್ಲಿ ಗಲಾಟೆಯ ಭಯ ಇದೆ ಅಂತ ಅರ್ಥ. ಆದರೆ ‘ನಿನ್ನದು ಮಾತ್ರ, ಇನ್ನೊಬ್ಬರು ನೋಡಬಾರದ್ದು’ ಅನ್ನುವ ಅರ್ಥ ಅದರಿಂದ ಹೊರಡುವುದಿಲ್ಲ. ನಿಮ್ಮ ಅತ್ತಿಗೆ ಸಣ್ಣದು ಅಂತ ತಿಳಿದುಕೊಂಡದ್ದು ಸರಿಯಾಗಿಯೇ ಇದೆ.

ನನಗೆ ಜಾಸ್ತಿ ತೊಡಕು ಕಾಣುವುದು ‘ವಿಷಯ’ದಲ್ಲಿ. ಅರ್ಜಿ ಬರೆಯುವಾಗ ‘ವಿಷಯ:’ ಅಂತ ಹಾಕಿ ಒಂದು ಸಾಲು ಬರೆಯುತ್ತೇವೆ, ಇಮೇಲಿನಲ್ಲೂ ವಿಷಯ ಅಂದರೆ ಆ ತಲೆಸಾಲೇ. ‘ವಿಷಯ ಮರೆಮಾಡಿ’ ಅಂದರೆ ತಲೆಸಾಲು ಮುಚ್ಚಿ ಉಳಿದದ್ದನ್ನು ತೋರಿಸಿ ಅಂತಲೂ ಓದಬಹುದು. ಬೇಕಾಗಿರುವುದು ಅದರ ತಿರುಗುಮುರುಗು.

ಹಳೆಯ ಪದವೊಂದಿದೆ, ಒಕ್ಕಣೆ. ಕಾಗದದಲ್ಲಿ ಏನು ಬರೆದಿದೆ, ಹೇಗೆ ಬರೆದಿದೆ, ಅದೇ ಒಕ್ಕಣೆ. ಹೀಗೆಂದು ಒಕ್ಕಣಿಸಿದ್ದಾರೆ ಅನ್ನುತ್ತೇವೆ. ಲಕೋಟೆಯ ಮೇಲಿನ ಹೆಸರು, ವಿಳಾಸ ಅದರಲ್ಲಿ ಸೇರುವುದಿಲ್ಲ. ‘ಒಕ್ಕಣೆ ಮುಚ್ಚಿ’ ಅಂದರೆ ಕಾಗದ ಬಂದಿದೆ, ಒಳಗಿನದು ಮಾತ್ರ ಕಾಣದು.

ಹಾಸನದಿಂದ

ಮೇಷ್ಟ್ರೇ, ನಮ್ಮ ಕಡೆ ಒಕ್ಕಣೆ ಅಂದರೆ ರಾಗಿ ಒಕ್ಕಣೆ. ಸುಗ್ಗಿ ಮುಗಿದ ಮೇಲೆ ಕಣದಲ್ಲಿ ಮಾಡುವುದು. ಸಂಘದ ಹೆಂಗಸರಿಗೆ ಕಾಗದ ನೆನಪಾಗುವ ಮೊದಲು ರಾಗಿ ನೆನಪಾಗುತ್ತದೆ.

ಸಕಲೇಶಪುರದಿಂದ

ನಿನ್ನೆ ಕೇಳಿ ನೋಡಿದೆ. ಹಾಸನದವರ ಮಾತೇ ನಿಜವಾಯಿತು. ಹನ್ನೊಂದು ಜನರಲ್ಲಿ ಕಾಗದದ ಒಕ್ಕಣೆ ಗೊತ್ತಿದ್ದುದು ಇಬ್ಬರಿಗೆ, ಇಬ್ಬರೂ ಅರವತ್ತು ದಾಟಿದವರು. ಆದರೆ ಮೇಷ್ಟ್ರ ಲಕೋಟೆಯ ಮಾತು ಎಲ್ಲರಿಗೂ ತಕ್ಷಣ ಹಿಡಿಸಿತು. ಕಾರ್ಡನ್ನು ಪೋಸ್ಟ್‌ಮ್ಯಾನೂ ಓದಬಹುದು, ಲಕೋಟೆ ಒಡೆಯಬೇಕಾದವರು ನಾವೇ, ಅಂತ ಒಬ್ಬರು ತಾವಾಗಿಯೇ ಹೇಳಿದರು.

ಆಮೇಲೆ ಒಬ್ಬೊಬ್ಬರ ಫೋನಿಗೂ ಬೀಗ ಹಾಕಿ, ಪಕ್ಕದವರಿಂದ ಒಂದು ಎಸ್ಸೆಮ್ಮೆಸ್ ಮತ್ತು ಒಂದು ವಾಟ್ಸಾಪ್ ಕಳಿಸಿ ನೋಡಿದೆವು. ಅತ್ತಿಗೆಯ ಫೋನಿನಲ್ಲಿ ಆಪ್‌ನ ಹೆಸರು ಮಾತ್ರ ಬಂತು, ಕಳಿಸಿದವರ ಹೆಸರೂ ಇಲ್ಲ, ಬರಹವೂ ಇಲ್ಲ. ಒಬ್ಬರ ಐಫೋನಿನಲ್ಲಿ ಎಸ್ಸೆಮ್ಮೆಸ್ ಕಳಿಸಿದವರ ಹೆಸರು ಕಾಣುತ್ತಿತ್ತು, ಬರಹ ಮಾತ್ರ ಮುಚ್ಚಿತ್ತು. ಅವರು ಫೋನನ್ನು ಮುಖದ ಎದುರು ಹಿಡಿದ ಕೂಡಲೇ ಬರಹವೂ ತೆರೆದುಕೊಂಡಿತು.

ಹಾಗಾಗಿ ಹಾಳೆಯಲ್ಲಿ ಸದ್ಯಕ್ಕೆ ‘ಬಂದದ್ದು ತಿಳಿಸಿ, ಬರಹ ಮುಚ್ಚಿ’ ಅಂತ ಬರೆದಿದ್ದೇನೆ. ಅಧಿಸೂಚನೆ ತೆಗೆದು ನೋಟಿಫಿಕೇಶನ್ ಅಂತಲೇ ಇಟ್ಟೆ.

ಚಿಕ್ಕಮಗಳೂರಿನಿಂದ

ಚೆನ್ನಾಗಿದೆ, ಆದರೆ ಹೆಸರಿನ ಪ್ರಶ್ನೆ ಉಳಿಯಿತು. ಸಿಗ್ನಲ್ ಆಪ್‌ನಲ್ಲಿ ಹೆಸರು ಮತ್ತು ಮೆಸೇಜ್, ಹೆಸರು ಮಾತ್ರ, ಎರಡೂ ಬೇಡ ಅಂತ ಮೂರು ಬೇರೆ ಆಯ್ಕೆಗಳೇ ಇವೆ. ಎಷ್ಟೋ ಸಲ ಯಾರು ಕಳಿಸಿದರು ಅನ್ನುವುದೇ ಮುಚ್ಚಬೇಕಾದ ಸಂಗತಿ. ‘ಬರಹ ಮುಚ್ಚಿ’ ಅಂದರೆ ಹೆಸರು ಕಾಣುತ್ತದೆ ಅಂತಲೋ ಇಲ್ಲ ಅಂತಲೋ?

ಬೇಲೂರಿನಿಂದ

ನನ್ನ ಕಿವಿಗೆ, ಕಾಣುತ್ತದೆ ಅಂತಲೇ ಕೇಳಿಸುತ್ತದೆ. ಹೆಸರೂ ಮುಚ್ಚುವುದಕ್ಕೆ ಬೇರೆ ಮಾತು ಹುಡುಕಬೇಕು. ‘ಇಂದ’ ಇಲ್ಲದ ಲಕೋಟೆಗೆ ಕನ್ನಡದಲ್ಲಿ ಏನನ್ನುತ್ತಿದ್ದರು, ಯಾರಿಗಾದರೂ ನೆನಪಿದೆಯೇ?