ಆಡಾಸಿಟಿ: ಎರಡು ತುಂಡು ಜೋಡಿಸಿದ ಕಡೆ "ಟಕ್" ಸದ್ದು

ಕೊಳಲಮ್ಮ: ಮಗಳ ಕೊಳಲಿನ ರೆಕಾರ್ಡಿಂಗ್‌ನಿಂದ ರಿಂಗ್‌ಟೋನ್ ಮಾಡುತ್ತಿದ್ದೇನೆ. ಮೊದಲ 8 ಸೆಕೆಂಡ್ ಒಂದು ತುಂಡು, 42ರಿಂದ 58ನೇ ಸೆಕೆಂಡ್‌ವರೆಗೆ ಇನ್ನೊಂದು. ಹಿಂದೆ ತಂಬೂರಿ ಶ್ರುತಿ ಇದೆ. ಜೋಡಿಸಿದ ಜಾಗದಲ್ಲಿ "ಟಕ್" ಅನ್ನುತ್ತದೆ. ಮೊದಲನೆಯದಕ್ಕೆ Fade Out, ಎರಡನೆಯದಕ್ಕೆ Fade In ಹಾಕಿದರೆ ಟಕ್ ಹೋಗುತ್ತದೆ, ಆದರೆ ನಡುವೆ ಶ್ರುತಿಯೇ ಮುಳುಗಿ ಏಳುತ್ತದೆ.

ಸೌಂಡ್‌ಮಂಜ: ಕತ್ತರಿಸುವ ಮುಂಚೆ ಆಯ್ಕೆ ಮಾಡಿ Z ಒತ್ತಿ. ಅಲೆ ಸೊನ್ನೆ ಗೆರೆ ದಾಟುವ ಕಡೆಗೆ ಅಂಚು ಸರಿಯುತ್ತದೆ. ಅಷ್ಟೇ ಸಾಕು.

ಕೊಳಲಮ್ಮ: ಮಾಡಿದೆ. ಸದ್ದು ಸಣ್ಣದಾಯಿತು, ಪೂರ್ತಿ ಹೋಗಲಿಲ್ಲ.

ಹಳೇ ಟೇಪು: ಮೇಡಂ, ಸ್ಟೀರಿಯೋದಲ್ಲಿ ಎಡ, ಬಲ ಎರಡೂ ಒಂದೇ ಕ್ಷಣಕ್ಕೆ ಸೊನ್ನೆ ದಾಟುವುದು ಅಪರೂಪ. ದಾಟಿದರೂ ಒಂದು ಅಲೆ ಏರುತ್ತಾ, ಇನ್ನೊಂದು ಇಳಿಯುತ್ತಾ ಇದ್ದರೆ ಮೂಲೆ ಉಳಿದುಬಿಡುತ್ತದೆ. ಹಾಗಾಗಿ Z ಒತ್ತಿದರೆ ಅರ್ಧ ಕೆಲಸ ಅಷ್ಟೇ.

ಎರಡನೇ ತುಂಡನ್ನು ಕೆಳಗಿನ ಟ್ರ್ಯಾಕಿಗೆ ಹಾಕಿ. ಅದರ ಶುರು, ಮೇಲಿನದರ ಕೊನೆಯ ಮೇಲೆ ಸುಮಾರು 0.2 ಸೆಕೆಂಡ್ ಬರುವ ಹಾಗೆ ಎಳೆಯಿರಿ. ಆ ಭಾಗವನ್ನು ಮಾತ್ರ ಎರಡೂ ಟ್ರ್ಯಾಕಿನಲ್ಲಿ ಆಯ್ಕೆ ಮಾಡಿ Crossfade Tracks ಕೊಡಿ. ಅದರಲ್ಲಿ Constant Power 1 ಆರಿಸಿ. Constant Gain ಇಟ್ಟರೆ ಬೇರೆ ಬೇರೆ ಜಾಗದ ಧ್ವನಿ ಸೇರುವಾಗ ನಡುವೆ ಮಟ್ಟ ಕುಗ್ಗುತ್ತದೆ, ನಿಮಗೆ ಈಗ ಆಗುತ್ತಿರುವ ಹಾಗೆ.

ಇನ್ನೊಂದು ಮಾತು. ಟಕ್ ಹೋದ ಮೇಲೂ ತಂಬೂರಿ ಮೀಟುವ ಲಯ ಎಗರಿದರೆ ಕಿವಿಗೆ ಗೊತ್ತಾಗುತ್ತದೆ. ಮೊದಲ ತುಂಡು ಮಂದ್ರ ಷಡ್ಜ ಮೀಟುವ ಮುಂಚೆ ಮುಗಿದರೆ, ಎರಡನೆಯದು ಆ ಮೀಟಿನಿಂದಲೇ ಶುರುವಾಗಲಿ. ಇದಕ್ಕೆ ಬಟನ್ ಇಲ್ಲ, ಕಿವಿಯೇ ಗತಿ.

ಗಿರಿ_88: ನನ್ನ ಐಫೋನಿನಲ್ಲಿ ರಿಂಗ್‌ಟೋನ್ ಲಿಸ್ಟಿನಲ್ಲೇ ಕಾಣುತ್ತಿಲ್ಲ. ಫೇಡ್ ಜಾಸ್ತಿ ಆಯಿತಾ?

ಹಳೇ ಟೇಪು: ಫೇಡಿಗೂ ಅದಕ್ಕೂ ಸಂಬಂಧವಿಲ್ಲ ಸರ್. ಕಂಪ್ಯೂಟರಿನಿಂದ ಹಾಕುವುದಾದರೆ `.m4r` ಫೈಲ್ ಬೇಕು, 30 ಸೆಕೆಂಡ್ ಒಳಗಿರಲಿ. ಬೇರೆ ಥ್ರೆಡ್ ಹಾಕಿ.

ಕೊಳಲಮ್ಮ: ಟಕ್ ಹೋಯಿತು! 0.2 ಬದಲು 0.3 ಇಟ್ಟೆ, ಕೊಳಲಿನ ಉಸಿರು ತುಂಡಾಗಲಿಲ್ಲ. ಶುರುವಿಗೆ 3 ಸೆಕೆಂಡ್ Fade In ಇಡಲಾ?

ಹಳೇ ಟೇಪು: ಬೇಡ. ಬ್ಯಾಗಿನಲ್ಲಿರುವ ಫೋನು ಮೊದಲ 3 ಸೆಕೆಂಡ್ ಕೇಳಿಸುವುದೇ ಇಲ್ಲ. ಶುರುವಿಗೆ 0.05 ಸೆಕೆಂಡ್ ಸಾಕು. ಕೊನೆಗೆ ಒಂದೂವರೆ ಸೆಕೆಂಡ್ Studio Fade Out ಕೊಡಿ. ಅದು ಮಟ್ಟದ ಜೊತೆ ಮೇಲಿನ ಸ್ವರಗಳ ಹೊಳಪನ್ನೂ ತುಸು ಇಳಿಸುತ್ತದೆ, ಕೊಳಲಿಗೆ ಚೆನ್ನಾಗಿ ಒಪ್ಪುತ್ತದೆ.

ಸೌಂಡ್‌ಮಂಜ: ರಿಂಗ್ ಮತ್ತೆ ಮೊದಲಿಂದ ಶುರುವಾಗುವಾಗ ಒಂದು ಗ್ಯಾಪ್ ಬರುತ್ತದಲ್ವಾ, ಅದಕ್ಕೇನು?

ಹಳೇ ಟೇಪು: ಎಂಪಿ3 ಮಾಡುವಾಗಲೇ ಶುರುವಿನಲ್ಲಿ, ಕೊನೆಯಲ್ಲಿ ಚೂರು ಮೌನ ಸೇರಿಕೊಳ್ಳುತ್ತದೆ. ಆಂಡ್ರಾಯ್ಡ್ ಆದರೆ ಓಜಿಜಿಯಲ್ಲಿ ಉಳಿಸಿ, ಟ್ಯಾಗ್ ಎಡಿಟರ್‌ನಲ್ಲಿ ಇದನ್ನು ಸೇರಿಸಿ ನೋಡಿ:

```
ANDROID_LOOP=true
```

ಸೌಂಡ್‌ಮಂಜ: ನನ್ನ ಹಳೇ ಫೋನಿನಲ್ಲಿ ಗ್ಯಾಪ್ ಹೋಯಿತು. ಹೊಸದರಲ್ಲಿ ಹಾಗೇ ಇದೆ. ಯಾರಿಗಾದರೂ ಕಾರಣ ಗೊತ್ತಾ?