ತಿಂಗಳ ನಡುವೆ ಪ್ಲಾನ್ ಬದಲಾಯಿಸಿದೆ, 708ರ ಬದಲು 1,014 ರೂಪಾಯಿ ಬಿಲ್ ಬಂದಿದೆ

ಪ್ರಶ್ನೆ (ಕಕ್ಕಬ್ಬೆ, ಹೋಂಸ್ಟೇ): ನನ್ನ ಪೋಸ್ಟ್‌ಪೇಯ್ಡ್ ಮೊಬೈಲ್‌ನ ಬಿಲ್ ಸೈಕಲ್ 5ರಿಂದ ಮುಂದಿನ ತಿಂಗಳ 4ರವರೆಗೆ. ಸೆಪ್ಟೆಂಬರ್ 17ಕ್ಕೆ 400ರ ಪ್ಲಾನ್ ಬಿಟ್ಟು 600ರದ್ದಕ್ಕೆ ಹೋದೆ. ತೆರಿಗೆ ಸೇರಿ 708 ಬರಬೇಕಿತ್ತು, ಬಂದದ್ದು 1,014.80. ಬಿಲ್ಲಲ್ಲಿ ಏಳು ಜಿಬಿ ಹೆಚ್ಚುವರಿ ಡೇಟಾ ಅಂತಲೂ ಇದೆ. ಹಳೇ ಪ್ಲಾನ್‌ನಲ್ಲಿ 50 ಜಿಬಿ ಇತ್ತು, ನಾನು ಬಳಸಿದ್ದೇ 27. ಇದು ಸರಿಯಾ ಸರ್?

ಗೋಣಿಕೊಪ್ಪ: ಅಣ್ಣಾ, ನಡುವೆ ಬದಲಾಯಿಸಿದರೆ ಎರಡೂ ಪ್ಲಾನ್‌ಗೆ ಪೂರ್ತಿ ಬಾಡಿಗೆ ಹಾಕುತ್ತಾರೆ. ಮುಂದಿನ ಸೈಕಲ್‌ನಿಂದ ಅಂತ ಕೇಳಿಕೊಳ್ಳಬೇಕಿತ್ತು.

ಮಡಿಕೇರಿ, ಬಿಲ್ಲಿಂಗ್ ಕೆಲಸದವರು: ಎರಡನೇ ಮಾತು ಸರಿ, ಮೊದಲನೆಯದು ಅಲ್ಲ. ಬಾಡಿಗೆಯನ್ನು ಮುಂಗಡವಾಗಿ ಹಾಕುವ ಕಂಪನಿಗಳ ಬಿಲ್ಲಲ್ಲಿ ಒಟ್ಟಿಗೆ ಮೂರು ಸಾಲು ಬರುತ್ತದೆ. ಅದನ್ನು ನೋಡಿಯೇ ಎರಡು ಬಾಡಿಗೆ ಅಂತ ಅನಿಸುವುದು.

ನಿಮ್ಮದನ್ನೇ ಹಾಕಿ ನೋಡೋಣ. ಸೆಪ್ಟೆಂಬರ್ 5ರಿಂದ ಅಕ್ಟೋಬರ್ 4ರವರೆಗೆ 30 ದಿನ. ಹಳೇ ಪ್ಲಾನ್ 16ರವರೆಗೆ 12 ದಿನ ನಡೆದಿದೆ, ಹೊಸದು 17ರಿಂದ 18 ದಿನ. ಹಳೇ 400ನ್ನು ನೀವು ಹಿಂದಿನ ಬಿಲ್ಲಲ್ಲೇ ಕಟ್ಟಿದ್ದೀರಿ, ಹಾಗಾಗಿ ಉಳಿದ 18 ದಿನದ 240 ನಿಮಗೆ ವಾಪಸ್ ಬರಬೇಕು. ಹೊಸ ಪ್ಲಾನ್‌ನ 18 ದಿನಕ್ಕೆ 360 ನೀವು ಕೊಡಬೇಕು. ಮೇಲೆ ಮುಂದಿನ ತಿಂಗಳ ಮುಂಗಡ 600.

```
600 + 360 - 240 = 720
720 + 140 (7 GB x 20) = 860
860 x 18% = 154.80
860 + 154.80 = 1014.80
```

ಡೇಟಾಗೆ ಜಿಬಿಗೆ 20 ಅಂತ ಹಿಡಿದರೆ ಪೈಸೆ ಸಮೇತ ಹೊಂದುತ್ತದೆ. ದರ ಅಷ್ಟೇನಾ ಅಂತ ಬಿಲ್ಲಲ್ಲಿ ನೋಡಿಕೊಳ್ಳಿ. ತೆರಿಗೆ ಸಿಜಿಎಸ್‌ಟಿ 9, ಎಸ್‌ಜಿಎಸ್‌ಟಿ 9 ಅಂತ ಒಡೆದು, ತಲಾ 77.40 ಇರಬೇಕು.

ಇಲ್ಲಿ ಒಂದು ಕಡೆ ಕಣ್ಣಿಡಿ. ವಾಪಸ್ ಬರುವ 240 ತೆರಿಗೆ ಹಾಕುವ ಮೊದಲೇ ಕಳೆದಿರಬೇಕು. ತೆರಿಗೆ ಹಾಕಿ ಆದ ಮೇಲೆ ಕಳೆದಿದ್ದರೆ ನಿಮಗೆ 43.20 ನಷ್ಟ, ಯಾಕೆಂದರೆ ಆ 240ರ ಮೇಲಿನ ತೆರಿಗೆಯನ್ನು ಹೋದ ತಿಂಗಳೇ ಕಟ್ಟಿದ್ದೀರಿ. ನಿಮ್ಮ ಬಿಲ್ಲಲ್ಲಿ ಆ ತಪ್ಪಿಲ್ಲ.

ಕಕ್ಕಬ್ಬೆ: ಬಾಡಿಗೆ ಅರ್ಥವಾಯಿತು. ಡೇಟಾ ಹೇಗೆ ಮೀರಿತು?

ಮಡಿಕೇರಿ: ಬಾಡಿಗೆಯಂತೆ ಡೇಟಾವನ್ನೂ ದಿನದ ಲೆಕ್ಕಕ್ಕೆ ಕತ್ತರಿಸಿದ್ದಾರೆ. 12 ದಿನಕ್ಕೆ 50ರಲ್ಲಿ ನಿಮ್ಮ ಪಾಲು 20 ಜಿಬಿ. 27 ಬಳಸಿದಿರಿ, ಏಳು ಹೆಚ್ಚಾಯಿತು. ಹೆಚ್ಚಿನವರು ಸಿಕ್ಕಿಬೀಳುವುದು ಇಲ್ಲೇ. ಡೇಟಾ ಸಾಲದೆಂದೇ ದೊಡ್ಡ ಪ್ಲಾನ್‌ಗೆ ಹೋಗುತ್ತಾರೆ, ಹೋದ ದಿನವೇ ಹಳೇ ಮಿತಿ ಕುಗ್ಗುತ್ತದೆ. ಅತಿಥಿಗಳಿಗೆ ಹಾಟ್‌ಸ್ಪಾಟ್ ಕೊಡುವವರಿಗಂತೂ ಇದು ಖಾತ್ರಿ. ಆದರೆ ಎಲ್ಲ ಪ್ಲಾನ್‌ನಲ್ಲೂ ಹೀಗೆ ಕತ್ತರಿಸುವುದಿಲ್ಲ. ನಿಮ್ಮ ಪ್ಲಾನ್‌ನ ಷರತ್ತಿನಲ್ಲಿ ಆ ಮಾತು ಇಲ್ಲದಿದ್ದರೆ 140ನ್ನೂ ಅದರ ತೆರಿಗೆ 25.20ನ್ನೂ ಪ್ರಶ್ನಿಸಬಹುದು.

ಭಾಗಮಂಡಲ: ನಮ್ಮಲ್ಲಿ ಜುಲೈ ಮಳೆಗೆ ಎರಡು ದಿನ ಟವರೇ ಇರಲಿಲ್ಲ. ಅದನ್ನೂ ಹೀಗೇ ದಿನದ ಲೆಕ್ಕದಲ್ಲಿ ಕಳೆಯಬೇಕಲ್ಲವಾ?

ಮಡಿಕೇರಿ: ಅದು ಬೇರೆ ವಿಷಯ. ಟ್ರಾಯ್‌ನ 2024ರ ನಿಯಮದಲ್ಲಿ ಪೋಸ್ಟ್‌ಪೇಯ್ಡ್‌ನವರಿಗೆ ಬಾಡಿಗೆ ಕಡಿತ ಇದೆ, ಆದರೆ ಅದು ಜಿಲ್ಲಾ ಮಟ್ಟದಲ್ಲಿ 24 ಗಂಟೆಗಿಂತ ಹೆಚ್ಚು ಸೇವೆ ನಿಂತರೆ. ಒಂದು ಊರಿನ ಟವರ್ ಹೋದರೆ ಬರುವುದಿಲ್ಲ. ಪ್ರಕೃತಿ ವಿಕೋಪಕ್ಕೂ ವಿನಾಯಿತಿ ಇಟ್ಟಿದ್ದಾರೆ, ನಮ್ಮ ಮಳೆಗಾಲಕ್ಕೆ ಅದು ಅಡ್ಡ ಬರುತ್ತದೆ.

ಕಕ್ಕಬ್ಬೆಯವರೇ, ಪ್ಲಾನ್ ಚಾಲೂ ಆದ ಮೆಸೇಜ್ ಇದೆಯಾ? ನೀವು ಕೇಳಿದ ದಿನ ಬೇರೆ, ಚಾಲೂ ಆದ ದಿನ ಬೇರೆ ಆಗಿರಬಹುದು.

ಕಕ್ಕಬ್ಬೆ: ಈಗ ಹುಡುಕಿದೆ. ಕೋರಿಕೆ ಬಂದಿದೆ ಅಂತ 17ಕ್ಕೆ, ಚಾಲೂ ಆಗಿದೆ ಅಂತ 18ರ ಬೆಳಿಗ್ಗೆ. ಬಿಲ್ಲಲ್ಲಿ ಹೊಸ ಪ್ಲಾನ್ 17ರಿಂದ ಹಾಕಿದ್ದಾರೆ.

ಗೋಣಿಕೊಪ್ಪ: ಒಂದು ದಿನಕ್ಕೆ ಏನು ಮಹಾ!

ಮಡಿಕೇರಿ: ಬಾಡಿಗೆಯಲ್ಲಿ ಏನೂ ಇಲ್ಲ, ತೆರಿಗೆಗೆ ಮುಂಚೆ 6.67 ರೂಪಾಯಿ ಅಷ್ಟೇ. ಡೇಟಾದಲ್ಲಿ ಹಾಗಲ್ಲ. 13 ದಿನ ಆದರೆ ಹಳೇ ಪಾಲು 21.67 ಜಿಬಿಗೆ ಏರುತ್ತದೆ, ಆದರೆ 17ರಂದು ಬಳಸಿದ್ದೂ ಹಳೇ ಲೆಕ್ಕಕ್ಕೇ ಬೀಳುತ್ತದೆ. ಆ ದಿನ 1.67ಕ್ಕಿಂತ ಕಡಿಮೆ ಬಳಸಿದ್ದರೆ ನಿಮಗೆ ಲಾಭ, ಹೆಚ್ಚಿದ್ದರೆ ಕೇಳಿದ್ದೇ ನಷ್ಟ! ಮೊದಲು ದಿನವಾರು ಡೇಟಾ ವಿವರ ತರಿಸಿಕೊಳ್ಳಿ.

ಆಮೇಲೆ ಕೊನೆಯ ದಿನಾಂಕಕ್ಕೆ ಮುಂಚೆ ಕಸ್ಟಮರ್ ಕೇರ್‌ಗೆ ದೂರು ಕೊಟ್ಟು ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಉತ್ತರ ಸರಿ ಬಾರದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬೇಕು. ಟ್ರಾಯ್ ಒಬ್ಬೊಬ್ಬರ ದೂರನ್ನು ತಾನೇ ವಿಚಾರಿಸುವುದಿಲ್ಲ.

ಕಕ್ಕಬ್ಬೆ: 17ರಂದು ಮನೆ ತುಂಬಾ ಅತಿಥಿಗಳಿದ್ದರು ಸರ್. ವಿವರ ಬರಲಿ, ನೋಡಿಯೇ ದೂರು ಕೊಡುತ್ತೇನೆ. ಷರತ್ತಿನ ಹಾಳೆ ಆ್ಯಪ್‌ನಲ್ಲಿ ಇನ್ನೂ ಸಿಕ್ಕಿಲ್ಲ.