ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋಯಿತು, ಸಾಮಾನು ಕೊಟ್ಟವರ ಬಾಕಿ ಏನಾಗುತ್ತದೆ?

ಪ್ರಶ್ನೆ (ಬಾಕ್ಸ್ ಯೂನಿಟ್, ಹೆಬ್ಬಾಳ ಕೈಗಾರಿಕಾ ಪ್ರದೇಶ, ಮೈಸೂರು): ನಾವು ರಟ್ಟಿನ ಬಾಕ್ಸ್ ಮಾಡುತ್ತೇವೆ. ಆರು ವರ್ಷದಿಂದ ಒಂದು ಕಂಪನಿಗೆ ಕೊಡುತ್ತಿದ್ದೇವೆ. ಒಟ್ಟು 22 ಲಕ್ಷ 40 ಸಾವಿರ ಬಾಕಿ. ಅದು ಕಂಪನಿಗಳ ದಿವಾಳಿ ಪ್ರಕರಣ ನೋಡುವ ನ್ಯಾಯಮಂಡಳಿ ಎನ್‌ಸಿಎಲ್‌ಟಿಗೆ ಹೋಗಿದೆ ಅಂತ 7ನೇ ತಾರೀಕು ಪೇಪರಲ್ಲಿ ಬಂತು. ನಾವು ನೋಡಿರಲಿಲ್ಲ. ಅವರ ಸ್ಟೋರಿನವರು ಫೋನ್ ಮಾಡಿದರು ಅಂತ 9 ಮತ್ತು 11ಕ್ಕೆ ಇನ್ನೆರಡು ಲೋಡ್ ಕಳಿಸಿದೆವು. ನಮ್ಮ ದುಡ್ಡು ಬರುತ್ತಾ ಮೇಡಂ?

ಉತ್ತರ (ದಿವಾಳಿ ಪ್ರಕರಣ ನೋಡುವ ಲೆಕ್ಕ ಪರಿಶೋಧಕಿ, ಮೈಸೂರು): ಸರ್, ಆ ಪ್ರಕಟಣೆಯನ್ನು ಮತ್ತೆ ತೆಗೆದು ನೋಡಿ. ಅದರಲ್ಲಿ ಪ್ರಕ್ರಿಯೆ ಶುರುವಾದ ತಾರೀಕು ಅಂತ ಒಂದಿರುತ್ತದೆ. ಪೇಪರಿನ ತಾರೀಕಲ್ಲ, ಎನ್‌ಸಿಎಲ್‌ಟಿ ಆದೇಶದ ತಾರೀಕು. ನಿಮ್ಮ ಬಿಲ್ಲುಗಳನ್ನು ಆ ದಿನದ ಹಿಂದಿನವು, ಮುಂದಿನವು ಅಂತ ಎರಡು ಕಟ್ಟು ಮಾಡಿ. ಎರಡರ ಹಣೆಬರಹ ಬೇರೆ ಬೇರೆ.

ಪ್ರಶ್ನೆ ಕೇಳಿದವರು: ಆದೇಶ 4ನೇ ತಾರೀಕು. ಹಳೆಯದು 19.5 ಲಕ್ಷ. ಆಮೇಲಿನ ಎರಡು ಲೋಡ್ 2.9 ಲಕ್ಷ.

ಲೆಕ್ಕ ಪರಿಶೋಧಕಿ: ಸರಿ. ಮೊದಲು ಹಳೆಯ 19.5 ಲಕ್ಷ. ಇದಕ್ಕೆ ಸಾಮಾನು ಕೊಟ್ಟವರು ಬಾಕಿ ಕೇಳುವ ಫಾರ್ಮ್ ಬಿ ತುಂಬಿ, ಪ್ರಕಟಣೆಯಲ್ಲಿ ಕೊಟ್ಟಿರುವ ಇಮೇಲ್‌ಗೆ ಕಳಿಸಬೇಕು. ಬಿಲ್, ಡೆಲಿವರಿ ಚಲನ್, ಲೆಡ್ಜರ್, ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆಗಿರಲಿ. ಆದೇಶದ ನಂತರ ಕಂಪನಿ ನೋಡಿಕೊಳ್ಳುವ ಹಂಗಾಮಿ ವೃತ್ತಿಪರರು ನೇಮಕವಾದ ದಿನದಿಂದ 14 ದಿನ ಸಮಯ. ಆದೇಶದಲ್ಲೇ ನೇಮಕ ಆಗಿದ್ದರೆ ನಿಮಗೆ 18ನೇ ತಾರೀಕು ಕೊನೆ. ತಪ್ಪಿದರೆ ಶುರುವಾದ ದಿನದಿಂದ 90 ದಿನದವರೆಗೂ ಕೊಡಬಹುದು, ಆದರೆ ಅಷ್ಟು ಕಾಯಬೇಡಿ. ಕೊನೆಗೆ ಯಾರಾದರೂ ಕಂಪನಿ ಕೊಂಡು ಅವರ ಯೋಜನೆಗೆ ಒಪ್ಪಿಗೆ ಸಿಕ್ಕಿತು ಅಂದರೆ, ಅದರಲ್ಲಿ ಇಲ್ಲದ ಬಾಕಿ ಅಲ್ಲಿಗೆ ಮುಗಿಯಿತು. 2021ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. ನಾನು ನೋಡಿದ ಒಂದು ಪ್ರಕರಣದಲ್ಲಿ ಒಬ್ಬರು "ಓನರ್ ನಮ್ಮೋರೇ, ಕೊಡ್ತಾರೆ" ಅಂತ ಫಾರ್ಮೇ ಹಾಕಿರಲಿಲ್ಲ. ಅಷ್ಟೂ ಹೋಯಿತು.

ಇನ್ನು ಆ 2.9 ಲಕ್ಷ. ಇದನ್ನು ಫಾರ್ಮ್ ಬಿಯಲ್ಲಿ ಸೇರಿಸಬೇಡಿ. ಆದೇಶದ ನಂತರ ಕಾರ್ಖಾನೆ ನಡೆಸಲು ತರಿಸಿದ ಸಾಮಾನಿನ ಹಣ ಪ್ರಕ್ರಿಯೆಯ ಖರ್ಚಿನಲ್ಲಿ ಬರುತ್ತದೆ. ಬ್ಯಾಂಕಿಗಿಂತಲೂ ಮೊದಲು ಅದನ್ನು ಕೊಡಬೇಕು. ತೊಡಕು ಎಲ್ಲಿದೆ ಅಂದರೆ, 4ನೇ ತಾರೀಕಿನಿಂದ ಡೈರೆಕ್ಟರುಗಳ ಅಧಿಕಾರ ನಿಂತಿದೆ. ಸ್ಟೋರಿನವರ ಫೋನು ಆರ್ಡರ್ ಆಗುವುದಿಲ್ಲ. ಹಂಗಾಮಿ ವೃತ್ತಿಪರರಿಗೆ ಈಗಲೇ ಬರೆದು, ಎರಡು ಲೋಡ್ ಬಂದಿದೆ ಅಂತ ಲಿಖಿತ ಒಪ್ಪಿಗೆ ಕೇಳಿ. ಮುಂದಿನ ಲೋಡ್ ಅವರ ಪರ್ಚೇಸ್ ಆರ್ಡರ್ ಇಲ್ಲದೆ ಹೊರಡಕೂಡದು.

ಕೂರ್ಗಳ್ಳಿಯ ಒಬ್ಬರು: ಇಷ್ಟೆಲ್ಲ ಯಾಕೆ ಸರ್? ನೀವು ಸಣ್ಣ ಕೈಗಾರಿಕೆ ಅಲ್ವಾ? 45 ದಿನದೊಳಗೆ ಕೊಡದಿದ್ದರೆ ಸಣ್ಣ ಕೈಗಾರಿಕೆಗಳ ಬಾಕಿ ತಕರಾರು ನೋಡುವ ಫೆಸಿಲಿಟೇಷನ್ ಕೌನ್ಸಿಲ್‌ಗೆ ಹಾಕಿ. ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ. ಸಣ್ಣವರಿಗೇ ಮೊದಲು ಕೊಡಬೇಕು ಅಂತ ಕಾನೂನಿದೆ.

ಲೆಕ್ಕ ಪರಿಶೋಧಕಿ: 45 ದಿನ, ಮೂರು ಪಟ್ಟು ಬಡ್ಡಿ, ಎರಡೂ ನಿಜ. ಆರು ತಿಂಗಳ ಹಿಂದೆ ಕೇಳಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ಆದೇಶ ಬಂದ ದಿನದಿಂದ ಕಂಪನಿಯ ಮೇಲಿನ ವಸೂಲಿ ಕೇಸುಗಳಿಗೆಲ್ಲ ತಡೆ. ಕೌನ್ಸಿಲ್ ಕೂಡ ಮುಂದುವರಿಸುವ ಹಾಗಿಲ್ಲ. ಇನ್ನು, ಸಣ್ಣವರಿಗೇ ಮೊದಲು ಅನ್ನುವುದು ಹಂಚಿಕೆಯ ಸಾಲಿನಲ್ಲಿ ಇಲ್ಲ. ಒಂದು ಲೆಕ್ಕ ಹಾಕಿ ತೋರಿಸುತ್ತೇನೆ, ಅಂಕಿ ನನ್ನ ಊಹೆ.

ಯಾರೂ ಕೊಳ್ಳಲಿಲ್ಲ, ಆಸ್ತಿ ಮಾರಿ 10 ಕೋಟಿ ಬಂತು ಅಂದುಕೊಳ್ಳಿ. ಪ್ರಕ್ರಿಯೆ ಖರ್ಚು 1 ಕೋಟಿ ಮೊದಲು ಹೋಗುತ್ತದೆ. ಉಳಿದದ್ದು 9 ಕೋಟಿ. ಮುಂದಿನ ಸಾಲಿನಲ್ಲಿ ಇಬ್ಬರು ಒಟ್ಟಿಗೆ ನಿಲ್ಲುತ್ತಾರೆ: ಅಡಮಾನದ ಆಸ್ತಿಯನ್ನು ತಾನೇ ಮಾರಿಕೊಳ್ಳದೆ ಈ ರಾಶಿಗೆ ಬಿಟ್ಟುಕೊಟ್ಟ ಬ್ಯಾಂಕು, ಮತ್ತು ಹಿಂದಿನ 24 ತಿಂಗಳ ಬಾಕಿ ಇರುವ ಕಾರ್ಮಿಕರು. ಬ್ಯಾಂಕಿಗೆ 14 ಕೋಟಿ, ಕಾರ್ಮಿಕರಿಗೆ 1 ಕೋಟಿ ಬರಬೇಕು. 15 ಕೋಟಿಗೆ 9 ಕೋಟಿ ಇದೆ, ಅಂದರೆ ರೂಪಾಯಿಗೆ 60 ಪೈಸೆ. ಬ್ಯಾಂಕಿಗೆ 8.4 ಕೋಟಿ, ಕಾರ್ಮಿಕರಿಗೆ 60 ಲಕ್ಷ. ಅಲ್ಲಿಗೆ ದುಡ್ಡು ಖಾಲಿ. ಕಚೇರಿ ನೌಕರರು, ಅಡಮಾನವಿಲ್ಲದೆ ಸಾಲ ಕೊಟ್ಟವರು, ಸರ್ಕಾರದ ತೆರಿಗೆ ಇವರಿಗೇ ಏನೂ ಇಲ್ಲ. ನೀವು ಅವರ ಹಿಂದೆ ನಿಂತಿದ್ದೀರಿ, ಷೇರುದಾರರಿಗಿಂತ ಒಂದೇ ಹೆಜ್ಜೆ ಮುಂದೆ.

ಯಾರಾದರೂ ಕಂಪನಿ ಕೊಂಡರೂ, ಕಾನೂನು ನಿಮಗೆ ಕೊಡಿಸುವ ಕನಿಷ್ಠ ಮೊತ್ತ ಇದೇ ಸಾಲಿನ ಲೆಕ್ಕದಲ್ಲೇ ಬರುತ್ತದೆ. ಎಷ್ಟೋ ಸಲ ಅದು ಸೊನ್ನೆ. ಯೋಜನೆಗೆ ಮತ ಹಾಕುವುದು ಸಾಲ ಕೊಟ್ಟ ಬ್ಯಾಂಕುಗಳ ಸಮಿತಿ, 66 ಶೇಕಡಾ ಬೇಕು. ಸಾಮಾನು ಕೊಟ್ಟವರಿಗೆ ಮತ ಇಲ್ಲ. ನನಗೆ ಇದು ನ್ಯಾಯ ಅನ್ನಿಸುವುದಿಲ್ಲ, ಆದರೆ ಕಾನೂನು ಹೀಗಿದೆ. ಒಂದೇ ಆಸರೆ ಏನೆಂದರೆ, ಹೊಸಬರು ಕಾರ್ಖಾನೆ ನಡೆಸಬೇಕಾದರೆ ಬಾಕ್ಸ್ ಬೇಕೇ ಬೇಕು. ಅದಕ್ಕಾಗಿ ಕೆಲವರು ಯೋಜನೆಯಲ್ಲೇ ಸಪ್ಲೈಯರ್‌ಗಳಿಗೆ ಅಷ್ಟಿಷ್ಟು ಇಡುತ್ತಾರೆ. ಅದು ನಿಮ್ಮ ಕೈ ಸೇರಬೇಕಾದರೂ ಫಾರ್ಮ್ ಬಿ ಇರಬೇಕು.

ಮಂಡ್ಯದ ಬೆಲ್ಲದ ವ್ಯಾಪಾರಿ: ಮೇಡಂ, ನನಗೂ ಒಬ್ಬರು 3 ಲಕ್ಷ ಕೊಡಬೇಕು. ಅಂಗಡಿ ಅವರ ಸ್ವಂತದ್ದು, ಈಗ ಬಾಗಿಲು ಹಾಕಿದ್ದಾರೆ. ನಾನೂ ಫಾರ್ಮ್ ಬಿ ಕಳಿಸಲಾ?

ಲೆಕ್ಕ ಪರಿಶೋಧಕಿ: ಬೇಡ ಅಣ್ಣ, ನಿಮ್ಮ ದಾರಿಯೇ ಬೇರೆ. ಇದು ಕಂಪನಿ, ಎಲ್‌ಎಲ್‌ಪಿಗಳಿಗೆ. ನಿಮ್ಮ ಗಿರಾಕಿ ಒಬ್ಬ ವ್ಯಕ್ತಿ. ಸಿವಿಲ್ ದಾವೆ ಹಾಕಬೇಕು, ಸಾಮಾನ್ಯವಾಗಿ ಮೂರು ವರ್ಷದೊಳಗೆ. ಬಾಕಿ ಒಪ್ಪಿಕೊಂಡು ಅವರು ಬರೆದ ಚೀಟಿ, ಮೆಸೇಜ್ ಏನಿದ್ದರೂ ಜೋಪಾನ ಮಾಡಿ ವಕೀಲರಿಗೆ ತೋರಿಸಿ. ಅದು ಕಂಪನಿಯೇ ಆಗಿದ್ದರೂ, ಸಾಮಾನು ಕೊಟ್ಟವರು ಎನ್‌ಸಿಎಲ್‌ಟಿಗೆ ಹೋಗಲು ಬಾಕಿ ಕನಿಷ್ಠ 1 ಕೋಟಿ ಇರಬೇಕು. 2020ರ ಮಾರ್ಚ್‌ವರೆಗೆ ಅದು 1 ಲಕ್ಷ ಇತ್ತು.

ಪ್ರಶ್ನೆ ಕೇಳಿದವರು: ಹಳೆ ಬಾಕಿಗೆ ಅವರು ಕೊಟ್ಟ 4 ಲಕ್ಷದ ಚೆಕ್ ಹೋದ ತಿಂಗಳು ಬೌನ್ಸ್ ಆಗಿದೆ. ಡೈರೆಕ್ಟರ್ ಸಹಿ ಇದೆ. ಆ ಕೇಸೂ ನಿಲ್ಲುತ್ತಾ?

ಲೆಕ್ಕ ಪರಿಶೋಧಕಿ: ಕಂಪನಿಯ ಮೇಲೆ ನಿಲ್ಲುತ್ತದೆ, ಸಹಿ ಮಾಡಿದ ಡೈರೆಕ್ಟರ್ ಮೇಲೆ ನಡೆಸಬಹುದು. 2021ರ ಸುಪ್ರೀಂ ಕೋರ್ಟ್ ತೀರ್ಪು ಹೀಗೇ ಹೇಳುತ್ತದೆ. ಆದರೆ ಚೆಕ್ಕಿನ ಹಣ ಕೊಡಿ ಅಂತ ಕಳಿಸಿದ ನೋಟಿಸ್ ಅವರಿಗೆ ಯಾವತ್ತು ತಲುಪಿತು? ಅಲ್ಲಿಂದ ಹಣ ಕೊಡಲು ಇರುವ 15 ದಿನ ಯಾವತ್ತಿಗೆ ಮುಗಿಯಿತು? 4ನೇ ತಾರೀಕಿಗೂ ಮುಂಚೆಯಾದರೆ ಗಟ್ಟಿ. ಆಮೇಲಾದರೆ, ಖಾತೆ ಆಗ ಡೈರೆಕ್ಟರ್ ಕೈಯಲ್ಲಿರಲಿಲ್ಲ ಅಂತ 2025ರಲ್ಲಿ ಸುಪ್ರೀಂ ಕೋರ್ಟ್ ಅಂಥ ಒಂದು ಕೇಸನ್ನು ರದ್ದು ಮಾಡಿದೆ. ಅಂಚೆಯ ರಸೀದಿ ಹುಡುಕಿ, ಇವತ್ತೇ ವಕೀಲರ ಹತ್ತಿರ ಹೋಗಿ.

ಕೂರ್ಗಳ್ಳಿಯವರು: ಕಟ್ಟಿದ ಜಿಎಸ್‌ಟಿನಾದರೂ ವಾಪಸ್ ಬರುತ್ತಲ್ವಾ?

ಲೆಕ್ಕ ಪರಿಶೋಧಕಿ: ಇಲ್ಲ ಸರ್. ಗಿರಾಕಿ ದುಡ್ಡು ಕೊಡಲಿಲ್ಲ ಅಂತ ಜಿಎಸ್‌ಟಿ ವಾಪಸ್ ಸಿಗುವುದಿಲ್ಲ. ಆದಾಯ ತೆರಿಗೆಯಲ್ಲಿ ಮಾತ್ರ, ಪುಸ್ತಕದಲ್ಲಿ ಬಾರದ ಬಾಕಿ ಅಂತ ತೆಗೆದು ಹಾಕಿದರೆ ತೆರಿಗೆ ಬೀಳುವ ಲಾಭ ಅಷ್ಟು ಕಡಿಮೆಯಾಗುತ್ತದೆ.

ಪ್ರಶ್ನೆ ಕೇಳಿದವರು (ಎರಡು ದಿನದ ನಂತರ): ಫಾರ್ಮ್ ಬಿ ಕಳಿಸಿದೆ ಮೇಡಂ. 9ನೇ ತಾರೀಕಿನ ಲೋಡ್ ಹಂಗಾಮಿ ವೃತ್ತಿಪರರು ಒಪ್ಪಿದ್ದಾರೆ. 11ರದ್ದು ಸ್ಟಾಕ್ ಪುಸ್ತಕದಲ್ಲಿ ಇಲ್ಲ ಅಂತಿದ್ದಾರೆ.

ಲೆಕ್ಕ ಪರಿಶೋಧಕಿ: ಇ-ವೇ ಬಿಲ್, ಸೀಲ್ ಬಿದ್ದ ಚಲನ್ ಕಳಿಸಿ, ಗೇಟ್ ಪುಸ್ತಕ ನೋಡಲು ಬರೆದು ಕೇಳಿ. ಚಲನ್ ಮೇಲೆ ಅವರ ಸೀಲ್ ಇದೆಯಾ?

ಪ್ರಶ್ನೆ ಕೇಳಿದವರು: ಸಹಿ ಇದೆ, ಸೀಲ್ ಇಲ್ಲ. ಡ್ರೈವರ್‌ನ ಕೇಳಿ ಹೇಳ್ತೀನಿ.